58 ನಿಮಿಷದ ಯೋಗ ಕ್ಲಾಸನ್ನು ಒಂದು ಹಾಳೆಗೆ ಇಳಿಸಿದ್ದು

ನಮ್ಮ ಯೋಗ ಮೇಡಂ ಎರಡು ತಿಂಗಳು ಕ್ಲಾಸು ಇರುವುದಿಲ್ಲ ಎಂದಾಗ, ಕೊನೆಯ ಆನ್‌ಲೈನ್ ಕ್ಲಾಸಿನ ರೆಕಾರ್ಡಿಂಗ್ ಕಳಿಸಿದರು. "ನಿಮ್ಮ ಅಭ್ಯಾಸಕ್ಕೆ ಇಟ್ಕೊಳ್ಳಿ, ಬೇರೆಯವರಿಗೆ ಕಳಿಸಬೇಡಿ" ಅಂದರು. 58 ನಿಮಿಷದ ವಿಡಿಯೋ. ಹಚ್ಚಿಕೊಂಡು ಮಾಡಿದರೆ ಆಯ್ತಲ್ಲ ಅಂದುಕೊಂಡೆ. ನಾಲ್ಕೇ ದಿನಕ್ಕೆ ಸಾಕಾಯಿತು. ಅರ್ಧ ಹೊತ್ತು ಕತ್ತು ತಿರುಗಿಸಿ ಫೋನ್ ನೋಡುವುದೇ ಆಗುತ್ತಿತ್ತು. ಅದೂ ತ್ರಿಕೋನಾಸನದಲ್ಲಿ ಕತ್ತು ತಿರುಗಿಸಿದರೆ ಗೊತ್ತಲ್ಲ, ಹೊತ್ತಾರೆಯ ಶಾಂತಿಯೆಲ್ಲ ಅಲ್ಲೇ ಮುಗಿಯಿತು.

ಹಾಗಾಗಿ ಅದನ್ನು 28 ನಿಮಿಷದ ಮನೆ ಅಭ್ಯಾಸವಾಗಿ ಒಂದು ಹಾಳೆಗೆ ಇಳಿಸಿದೆ. ಮಾಡುವವರು ಇಬ್ಬರು. ನನಗೆ ರಕ್ತದೊತ್ತಡಕ್ಕೆ ಮಾತ್ರೆ ಇದೆ. ಅಕ್ಕನಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ಒಳಗಿನ ಒತ್ತಡದ ತೊಂದರೆ, ದಿನಾ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾಳೆ. ಈ ಎರಡು ವಿಷಯ ಹಾಳೆಯನ್ನು ಎಷ್ಟು ಬದಲಿಸಿತು ಎಂದು ಮುಂದೆ ಹೇಳುತ್ತೇನೆ.

ಮೊದಲ ಸುತ್ತು: ಮಾಡದೆ ನೋಡಿದ್ದು

ಮೊದಲು ಮ್ಯಾಟ್ ಹಾಸಲೇ ಇಲ್ಲ. ಮೇಜಿನ ಮುಂದೆ ಕೂತು, ಪೆನ್ನು ಹಿಡಿದು ಇಡೀ ವಿಡಿಯೋ ನೋಡಿದೆ. ಪ್ರತಿ ಆಸನಕ್ಕೆ ಮೂರು ಸಮಯ ಬರೆದುಕೊಂಡೆ: ಮಾತು ಶುರುವಾದದ್ದು, ಎಲ್ಲರೂ ಸ್ಥಿತಿಗೆ ಬಂದದ್ದು, ಬಿಟ್ಟದ್ದು. ಬೇಕಾದದ್ದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಹೊತ್ತು ಮಾತ್ರ. ವೃಕ್ಷಾಸನಕ್ಕೆ ಕ್ಲಾಸಿನಲ್ಲಿ ಸುಮಾರು 4 ನಿಮಿಷ ಹೋಗಿತ್ತು. ಅದರಲ್ಲಿ ನಿಜವಾಗಿ ಒಂಟಿ ಕಾಲಲ್ಲಿ ನಿಂತದ್ದು ಒಂದೊಂದು ಬದಿಗೆ 40 ಸೆಕೆಂಡು. ಉಳಿದದ್ದೆಲ್ಲ ವಿವರಣೆ, ಯಾರದೋ ಕಾಲು ಸರಿಪಡಿಸಿದ್ದು, ಯಾರದೋ ಮೈಕ್ ಆಫ್ ಮಾಡಿಸಿದ್ದು.

ಮತ್ತೆ ಮತ್ತೆ ನೋಡಬೇಕಾದ ಭಾಗ ಸೂರ್ಯ ನಮಸ್ಕಾರ ಒಂದೇ. ಅದನ್ನಷ್ಟೇ ಕಂಪ್ಯೂಟರಿನಲ್ಲಿ ffmpeg ಎಂಬ ವಿಡಿಯೋ ಪ್ರೋಗ್ರಾಮಿನಿಂದ ಕತ್ತರಿಸಿ ಇಟ್ಟುಕೊಂಡೆ:

```
ffmpeg -ss 00:14:05 -to 00:20:30 -i class.mp4 -c copy surya.mp4
```

ಹೀಗೆ ಕತ್ತರಿಸಿದರೆ ತುಣುಕು ನಾವು ಕೊಟ್ಟ ಸಮಯಕ್ಕಿಂತ ಒಂದೆರಡು ಸೆಕೆಂಡು ಮುಂಚೆ ಶುರುವಾಗಬಹುದು. ನಮ್ಮ ಕೆಲಸಕ್ಕೆ ತೊಂದರೆ ಇಲ್ಲ.

ಇಲ್ಲೇ ಒಂದು ಎಡವಟ್ಟು ಕಣ್ಣಿಗೆ ಬಿತ್ತು. ಮೇಡಂ "ಬಲಗಾಲು ಹಿಂದೆ" ಅನ್ನುತ್ತಾರೆ, ಚಿತ್ರದಲ್ಲಿ ಎಡಗಾಲು ಹೋಗುತ್ತದೆ. ಅವರು ನಮಗೆ ಎದುರಾಗಿ ಕನ್ನಡಿಯ ಹಾಗೆ ತೋರಿಸುತ್ತಿದ್ದರೋ, ಮುಂದಿನ ಕ್ಯಾಮೆರಾ ಚಿತ್ರವನ್ನು ತಿರುಗಿಸಿತ್ತೋ ಮೊದಲು ಗೊತ್ತಾಗಲಿಲ್ಲ. ಅವರ ಹಿಂದಿನ ಗೋಡೆಯಲ್ಲಿದ್ದ ಕ್ಯಾಲೆಂಡರ್ ಅಕ್ಷರ ಸರಿಯಾಗಿಯೇ ಕಾಣುತ್ತಿತ್ತು. ಅಂದರೆ ಚಿತ್ರ ತಿರುಗಿಲ್ಲ, ಮೇಡಮ್ಮೇ ನಮಗೆ ಕನ್ನಡಿಯಾಗಿದ್ದಾರೆ. ಹಾಳೆಗೆ ಕಿವಿಯಲ್ಲಿ ಕೇಳಿದ್ದನ್ನೇ ಬರೆದೆ, ಕಣ್ಣಲ್ಲಿ ಕಂಡದ್ದನ್ನಲ್ಲ.

ಸೆಕೆಂಡನ್ನು ಉಸಿರಾಗಿ ಮಾಡುವುದು

ಮೊದಲ ಹಾಳೆಯಲ್ಲಿ ಸೆಕೆಂಡನ್ನೇ ಬರೆದು ಫೋನಿನಲ್ಲಿ 40 ಸೆಕೆಂಡಿಗೊಮ್ಮೆ ಗಂಟೆ ಹೊಡೆಯುವಂತೆ ಮಾಡಿದ್ದೆ. ಅದು ಕೆಟ್ಟ ಐಡಿಯಾ. ಗಂಟೆ ಯಾವಾಗ ಹೊಡೆಯುತ್ತದೋ ಎಂದು ಕಾಯುತ್ತಾ ಉಸಿರು ಬಿಗಿ ಹಿಡಿಯುತ್ತಿದ್ದೆ. ಗಂಟೆ ಹೊಡೆದ ಕೂಡಲೇ, ಉಸಿರು ಒಳಗೆ ಬರುತ್ತಿದ್ದರೂ ಸರಿ, ಧಡಕ್ಕನೆ ಇಳಿದುಬಿಡುತ್ತಿದ್ದೆ. ಉಸಿರಲ್ಲೇ ಎಣಿಸಿದರೆ ಇಳಿಯುವುದು ತಾನಾಗಿಯೇ ಉಸಿರು ಬಿಡುವಾಗ ಬರುತ್ತದೆ.

ಸರಿ, 40 ಸೆಕೆಂಡು ಎಂದರೆ ಎಷ್ಟು ಉಸಿರು? ಇದಕ್ಕೆ ಒಂದೇ ಉತ್ತರ ಇಲ್ಲ ಎಂದು ಗೊತ್ತಾಗಿದ್ದು ಅಳೆದ ಮೇಲೆ. ಅಕ್ಕ ಗಡಿಯಾರ ಹಿಡಿದು ಕೂತಳು, ನಾನು ಒಂದೊಂದು ಆಸನದಲ್ಲಿ ಐದು ಉಸಿರು ಎಣಿಸಿದೆ. ಸುಮ್ನೆ ಪದ್ಮಾಸನದ ಬದಲು ಸುಖಾಸನದಲ್ಲಿ ಕೂತಾಗ ನನ್ನ ಒಂದು ಉಸಿರಿಗೆ 10 ಸೆಕೆಂಡು: 4 ಒಳಗೆ, 6 ಹೊರಗೆ. ತ್ರಿಕೋನಾಸನದಲ್ಲಿ 8. ಭುಜಂಗಾಸನದಲ್ಲಿ ಬರೀ 6, ಯಾಕೆಂದರೆ ಹೊಟ್ಟೆ ನೆಲಕ್ಕೆ ಒತ್ತಿರುತ್ತದೆ, ಉಸಿರು ಕೆಳಗೆ ಇಳಿಯಲು ಜಾಗ ಇರುವುದಿಲ್ಲ. ಅಕ್ಕನ ಉಸಿರು ನನ್ನದಕ್ಕಿಂತ ಚಿಕ್ಕದು, ಕೂತಾಗಲೂ 8 ದಾಟಲಿಲ್ಲ.

ಆಮೇಲಿನದು ಭಾಗಾಕಾರ. ವೃಕ್ಷಾಸನ 40 ಸೆಕೆಂಡು, ಉಸಿರು 8 ಸೆಕೆಂಡಿನದು, ಅಂದರೆ 5 ಉಸಿರು. ಭುಜಂಗಾಸನ ಕ್ಲಾಸಿನಲ್ಲಿ 25 ಸೆಕೆಂಡು, ಉಸಿರು 6ರದು, ಅಂದರೆ 4. "ಎಲ್ಲದಕ್ಕೂ 5 ಉಸಿರು" ಎಂದು ಬರೆದುಬಿಟ್ಟಿದ್ದರೆ ಹಾಳೆ ಚೆನ್ನಾಗಿ ಕಾಣುತ್ತಿತ್ತು, ಭುಜಂಗಾಸನದಲ್ಲಿ ಮಾತ್ರ ಸೊಂಟ ಬಯ್ಯುತ್ತಿತ್ತು.

ಬಂದ ಲೆಕ್ಕ ಜಾಸ್ತಿಯಾಯಿತೋ ಎಂದು ನೋಡಲು ನನ್ನ ಪರೀಕ್ಷೆ ಸುಲಭದ್ದು. ಕೊನೆಯ ಉಸಿರು ಮೊದಲನೆಯದರಷ್ಟೇ ಉದ್ದ ಇರಬೇಕು, ಮೂಗಿನಲ್ಲೇ ಆಗಬೇಕು. ಬಾಯಿ ತೆರೆಯಿತು, ಹಲ್ಲು ಕಚ್ಚಿದೆ, ಅಥವಾ ಇಳಿದ ಮೇಲೆ ಒಂದು ದೊಡ್ಡ ಉಸಿರು ಎಳೆದುಕೊಳ್ಳಬೇಕಾಯಿತು ಎಂದರೆ ಒಂದು ಉಸಿರು ಕಡಿಮೆ ಮಾಡು. ಅಕ್ಕನ ವೃಕ್ಷಾಸನ ಹೀಗೇ 5ರಿಂದ 3ಕ್ಕೆ ಇಳಿಯಿತು.

ಸೂರ್ಯ ನಮಸ್ಕಾರದಲ್ಲಿ ಕಳೆದುಹೋದ ಉಸಿರು

ನಾನು ಹೆಚ್ಚು ಹೊತ್ತು ಸಿಕ್ಕಿಕೊಂಡದ್ದು ಇಲ್ಲಿ. ವಿಡಿಯೋದಲ್ಲಿ ಕೇಳಿದ್ದನ್ನು ಹಾಗೇ ಬರೆದಿದ್ದೆ. "ತಗೊಳ್ತಾ ಕೈ ಮೇಲೆ. ಬಿಡ್ತಾ ಮುಂದಕ್ಕೆ ಬಗ್ಗಿ. ತಗೊಳ್ತಾ ಬಲಗಾಲು ಹಿಂದೆ." ಅಷ್ಟರಲ್ಲಿ ಯಾರಿಗೋ "ಮಂಡಿ ಪಾದ ದಾಟಿ ಮುಂದೆ ಹೋಗ್ತಿದೆ ನೋಡ್ಕೊಳ್ಳಿ" ಎಂದರು. ಆಮೇಲೆ "ಎಡಗಾಲೂ ಹಿಂದೆ, ಪರ್ವತಾಸನ. ಮಂಡಿ, ಎದೆ, ಗದ್ದ ನೆಲಕ್ಕೆ. ತಗೊಳ್ತಾ ಭುಜಂಗ."

ಆ ಹಾಳೆ ಹಿಡಿದು ಮಾಡಿದರೆ ಎರಡನೇ ಸಲಕ್ಕೇ ಮುಖ ಕೆಂಪಾಗಿ ಕಿವಿ ಬಿಸಿಯಾಯಿತು. ವಯಸ್ಸಾಯಿತು ಅಂದುಕೊಂಡೆ. ಅಕ್ಕ ಪಕ್ಕದಲ್ಲಿ ನಿಂತು ನೋಡಿ, "ನೀನು ಮೂರು ಆಸನ ಉಸಿರೇ ಬಿಡ್ತಿಲ್ವಲ್ಲೋ" ಅಂದಳು. ಹೌದು. ಬಲಗಾಲು ಹಿಂದೆ ಇಟ್ಟಾಗ ತೆಗೆದುಕೊಂಡ ಉಸಿರನ್ನು ಭುಜಂಗಾಸನದವರೆಗೆ ಹಿಡಿದುಕೊಂಡು, ಅದರ ಮೇಲೆ ಇನ್ನೊಂದು ತೆಗೆದುಕೊಳ್ಳುತ್ತಿದ್ದೆ. ಮಧ್ಯೆ ಬೇರೆಯವರನ್ನು ತಿದ್ದುವಾಗ ಮೇಡಂ "ಬಿಡ್ತಾ" ಅನ್ನುವುದನ್ನು ಬಿಟ್ಟಿದ್ದರು. ಕ್ಲಾಸಿನಲ್ಲಿ ಅಭ್ಯಾಸ ಇದ್ದವರು ತಾವೇ ಬಿಟ್ಟಿರುತ್ತಾರೆ. ಹಾಳೆ ಮಾತ್ರ ಬಿಡುವುದಿಲ್ಲ. ರಕ್ತದೊತ್ತಡ ಇರುವವನು ಉಸಿರು ಕಟ್ಟಿಕೊಂಡು ಕೈ ಮೇಲೆ ಭಾರ ಹಾಕುವುದು ತಪ್ಪಿಸಬೇಕಾದ ಕೆಲಸಗಳಲ್ಲೇ ಮೊದಲನೆಯದು.

ತಪ್ಪು ಹುಡುಕಲು ಆಸನದ ಹೆಸರೆಲ್ಲ ಬಿಟ್ಟು ಒಳ, ಹೊರ, ಒಳ, ಹೊರ ಎಂದಷ್ಟೇ ಒಂದು ಸಾಲು ಬರೆದೆ. ಎಲ್ಲಿ ಎರಡು "ಒಳ" ಪಕ್ಕಪಕ್ಕ ಬಂತೋ ಅಲ್ಲಿ ಏನೋ ಕಳೆದಿದೆ ಎಂದೇ ಅರ್ಥ. ಕಳೆದದ್ದನ್ನು ತುಂಬುವುದೂ ಕಷ್ಟವಲ್ಲ. ಎದೆ ತೆರೆದರೆ ಉಸಿರು ಒಳಗೆ, ಹೊಟ್ಟೆ ಮಡಚಿದರೆ ಅಥವಾ ಮೈ ತಿರುಚಿದರೆ ಹೊರಗೆ. ಪರ್ವತಾಸನಕ್ಕೆ ಹೋಗುವಾಗ ಹೊಟ್ಟೆ ಮಡಚುತ್ತದೆ, ಅಂದರೆ ಹೊರಗೆ.

ಉಳಿದದ್ದು ಮಂಡಿ, ಎದೆ, ಗದ್ದ ನೆಲಕ್ಕೆ ತಾಗಿಸುವ ಅಷ್ಟಾಂಗ ನಮಸ್ಕಾರ. ಎಷ್ಟೋ ಕಡೆ ಅಲ್ಲಿ ಉಸಿರು ಬಿಟ್ಟ ಹಾಗೇ ನಿಲ್ಲಿಸಲು ಹೇಳಿಕೊಡುತ್ತಾರೆ. ನನಗೆ ಆ ನಿಲ್ಲಿಸುವುದೇ ಬೇಡವಾಗಿತ್ತು. ಅದಕ್ಕೆ ಪರ್ವತಾಸನದಲ್ಲೇ ಒಂದು ಉಸಿರು ಹೆಚ್ಚಿಗೆ ಸೇರಿಸಿದೆ. ಹಾಳೆಯಲ್ಲಿ ಆ ಭಾಗ ಈಗ ಹೀಗಿದೆ:

```
ಬಲಗಾಲು ಹಿಂದೆ            ಒಳ
ಪರ್ವತಾಸನ                ಹೊರ
ಅಲ್ಲೇ                    ಒಳ
ಮಂಡಿ, ಎದೆ, ಗದ್ದ ಕೆಳಗೆ   ಹೊರ
ಭುಜಂಗ                   ಒಳ
ಪರ್ವತಾಸನ                ಹೊರ
```

ಕ್ಲಾಸಿನಲ್ಲಿ 6 ಸುತ್ತು ಇತ್ತು. ನಾನು 2ಕ್ಕೆ ಇಳಿಸಿದೆ. ಬಲಗಾಲಲ್ಲಿ ಒಮ್ಮೆ, ಎಡಗಾಲಲ್ಲಿ ಒಮ್ಮೆ ಸೇರಿದರೆ ಒಂದು ಸುತ್ತು, ಆದ್ದರಿಂದ ಒಟ್ಟು ನಾಲ್ಕು ಸಲ. ಸುಮಾರು ಮೂರೂವರೆ ನಿಮಿಷ ಹಿಡಿಯುತ್ತದೆ.

ಏನು ಕಿತ್ತರೆ ಏನು ಕುಸಿಯುತ್ತದೆ

58 ನಿಮಿಷವನ್ನು ಅರ್ಧಕ್ಕೆ ಇಳಿಸುವಾಗ ಮೊದಲು ನಾನು ಕಿತ್ತದ್ದು "ಇದರಲ್ಲೇನೂ ಕೆಲಸ ಇಲ್ಲ" ಅನ್ನಿಸಿದ ಆಸನಗಳನ್ನು. ಶಶಾಂಕಾಸನ ಹಾಗೇ ಹೋಯಿತು. ಸುಮ್ನೆ ಮಂಡಿ ಮಡಚಿ ಮುಂದಕ್ಕೆ ಬಾಗಿ ಮಲಗುವುದು, ಅದಕ್ಕೇನು ಅಲ್ವಾ? ಮೂರನೇ ದಿನ ಶಲಭಾಸನ ಮುಗಿಸಿ ಎದ್ದು ಕೂತು ನೇರವಾಗಿ ಪಶ್ಚಿಮೋತ್ತಾನಾಸನಕ್ಕೆ ಬಗ್ಗಿದೆ. ಕೆಳಬೆನ್ನು ಹಿಡಿದುಕೊಂಡಿತು. ಭುಜಂಗ, ಶಲಭ ಎರಡರಲ್ಲೂ ಬೆನ್ನಿನ ಸ್ನಾಯು ಬಿಗಿದು ಕೆಲಸ ಮಾಡಿರುತ್ತದೆ. ಅದು ಸಡಿಲವಾಗುವ ಮೊದಲೇ ಕಾಲು ನೀಟಿ, ತೊಡೆಯ ಹಿಂಭಾಗವೂ ಎಳೆಯುವ ಹಾಗೆ ಬಗ್ಗಿದ್ದೆ. ಶಶಾಂಕಾಸನದಲ್ಲಿ ಮಂಡಿ ಮಡಚಿರುವುದರಿಂದ ತೊಡೆ ಎಳೆಯುವುದಿಲ್ಲ, ಬೆನ್ನು ಮಾತ್ರ ನಿಧಾನ ಬಿಡುತ್ತದೆ. ಮೇಡಂ ಅದನ್ನು ಅಲ್ಲಿ ಇಟ್ಟದ್ದು ವಿಶ್ರಾಂತಿಗೆ ಮಾತ್ರ ಅಲ್ಲ. ಅದು ವಾಪಸ್ ಬಂತು, 6 ಉಸಿರು. ಪಶ್ಚಿಮೋತ್ತಾನಾಸನ ಹೋಯಿತು, ಅದರ ಜಾಗದಲ್ಲಿ ಅರ್ಧ ಮತ್ಸ್ಯೇಂದ್ರಾಸನ ಉಳಿಯಿತು.

ಅಂದಿನಿಂದ ಒಂದೊಂದೇ ಆಸನ ಕೀಳುವುದನ್ನು ಬಿಟ್ಟೆ, ಜೋಡಿಯಾಗಿ ಕೀಳಲು ಶುರು ಮಾಡಿದೆ. ಸರ್ವಾಂಗಾಸನ, ಹಲಾಸನ, ಅವಕ್ಕೆ ಎದುರಾದ ಮತ್ಸ್ಯಾಸನ ಮೂರನ್ನೂ ಒಟ್ಟಿಗೆ ತೆಗೆದೆ. ಸರ್ವಾಂಗಾಸನ ತೆಗೆದು ಮತ್ಸ್ಯಾಸನ ಇಟ್ಟುಕೊಂಡರೆ ಕುತ್ತಿಗೆ ಸುಮ್ಮನೆ ಹಿಂದಕ್ಕೆ ಬಾಗುತ್ತದೆ, ಅದಕ್ಕೆ ಕಾರಣವೇ ಇರುವುದಿಲ್ಲ. ಮೂರರ ಬದಲು ಸೇತುಬಂಧಾಸನ 5 ಉಸಿರು ಹಾಕಿದೆ. ಸರ್ವಾಂಗಾಸನವನ್ನು ತೆಗೆಯಲು ಕಾರಣ ಹೆದರಿಕೆಯಲ್ಲ, ಅಥವಾ ಸ್ವಲ್ಪ ಹೆದರಿಕೆಯೂ ಇರಬಹುದು. ಕ್ಲಾಸಿನಲ್ಲಿ ಅಷ್ಟು ಹೊತ್ತಿಗೆ ಮೈ 40 ನಿಮಿಷ ಬಿಸಿಯಾಗಿರುತ್ತದೆ, ಮೇಡಂ ಭುಜದ ಕೆಳಗೆ ಮಡಚಿದ ಕಂಬಳಿ ಇಡಿಸುತ್ತಾರೆ, ಪರದೆಯಲ್ಲಿ ನೋಡುತ್ತಲೂ ಇರುತ್ತಾರೆ. ಮನೆಯಲ್ಲಿ ಮೂರೂ ಇಲ್ಲ.

ಕ್ಲಾಸಿನಲ್ಲಿ ಶವಾಸನದ ನಂತರ ಪ್ರಾಣಾಯಾಮ ಇತ್ತು. ಮನೆಯಲ್ಲಿ ಆ ಕ್ರಮ ನಡೆಯಲಿಲ್ಲ. ಶವಾಸನದಲ್ಲಿ ನಾನು ನಿದ್ದೆ ಹೋಗುತ್ತೇನೆ, ಎದ್ದರೆ ಪ್ರಾಣಾಯಾಮ ನೆನಪೇ ಇರುವುದಿಲ್ಲ. ಮೇಡಮ್ಮಿಗೆ ಫೋನ್ ಮಾಡಿ ಕೇಳಿದೆ. "ಆಸನ ಮಾಡಿ ಏದುಸಿರು ಇರುವಾಗ ನಾಡಿಶೋಧನ ಬೇಡ ಅಂತ ಮಧ್ಯೆ ಇಟ್ಟದ್ದು. ನೀವು ಒಂದು ನಿಮಿಷ ಸುಮ್ನೆ ಮಲಗಿ, ಉಸಿರು ತಣ್ಣಗಾದ ಮೇಲೆ ಕೂತು ಮಾಡಿ, ಕೊನೆಗೆ ಶವಾಸನ ಮಾಡಿ" ಅಂದರು. ಹಾಗೇ ಬದಲಿಸಿದೆ.

ಕಪಾಲಭಾತಿಯನ್ನು ತೆಗೆದೆ, ಅದನ್ನು ಅವರೇ ನನಗೆ ಕ್ಲಾಸಿನಲ್ಲೂ ಬೇಡ ಎಂದಿದ್ದರು. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಫಿಟ್ಸ್ ಇದ್ದವರಿಗೆ, ಹೊಟ್ಟೆಯ ಆಪರೇಷನ್ ಆಗಿ ಹೆಚ್ಚು ದಿನ ಆಗದವರಿಗೆ, ಗರ್ಭಿಣಿಯರಿಗೆ ಅದು ಬೇಡ. ನಾಡಿಶೋಧನದಲ್ಲಿ ಉಸಿರು ಕಟ್ಟುವ ಭಾಗ ಬಿಟ್ಟೆ. ಎಡಗಡೆ 4 ಎಣಿಕೆ ಒಳಗೆ, ಬಲಗಡೆ 6 ಹೊರಗೆ, ಬಲಗಡೆ 4 ಒಳಗೆ, ಎಡಗಡೆ 6 ಹೊರಗೆ. ಒಂದು ಸುತ್ತಿಗೆ 20 ಸೆಕೆಂಡು, 9 ಸುತ್ತಿಗೆ ಸರಿಯಾಗಿ 3 ನಿಮಿಷ. ಸುತ್ತನ್ನು ಎಡಗೈ ಬೆರಳ ಗೆರೆಯ ಮೇಲೆ ಎಣಿಸುತ್ತೇನೆ, ಮೂರು ಬೆರಳಿಗೆ ಮುಗಿಯುತ್ತದೆ.

ಎಚ್ಚರಿಕೆಗಳು ಎಲ್ಲಿ ಅಡಗಿದ್ದವು

ವಿಡಿಯೋದಲ್ಲಿ ಎಲ್ಲರಿಗೂ ಹೇಳಿದ ಎಚ್ಚರಿಕೆ ಕಡಿಮೆ. ಜಾಸ್ತಿ ಇದ್ದದ್ದು ಯಾರೋ ಒಬ್ಬರಿಗೆ ಹೇಳಿದ್ದು. "ನೀವು ಗೋಡೆ ಹಿಡ್ಕೊಳ್ಳಿ" ಎಂದದ್ದು ಯಾರಿಗೆ, ಯಾಕೆ ಎಂದು ರೆಕಾರ್ಡಿಂಗಿನಲ್ಲಿ ಕಾಣುವುದಿಲ್ಲ. ಅಂಥದ್ದನ್ನೆಲ್ಲ ಬೇರೆ ಬಣ್ಣದಲ್ಲಿ ಬರೆದು, ನಮ್ಮಿಬ್ಬರಿಗೆ ಅನ್ವಯಿಸುತ್ತದೆಯೇ ಎಂದು ನೋಡಿದೆ. "ಪಾದವನ್ನು ಮಂಡಿಯ ಮೇಲೆ ಒತ್ತಬೇಡಿ, ಮೇಲೆ ತೊಡೆಗೆ ಇಲ್ಲವೇ ಕೆಳಗೆ ಮೀನಖಂಡಕ್ಕೆ" ಎಂದದ್ದು ಯಾರೋ ಒಬ್ಬರಿಗೆ, ಆದರೆ ವೃಕ್ಷಾಸನ ಮಾಡುವ ಎಲ್ಲರಿಗೂ ಬೇಕಾದದ್ದು. ಹಾಗೇ ಭುಜಂಗಾಸನದಲ್ಲಿ ಇನ್ನೊಬ್ಬರಿಗೆ ಹೇಳಿದ್ದು: ಮೇಲೆದ್ದ ಮೇಲೆ ಅಂಗೈಯನ್ನು ಅರ್ಧ ಇಂಚು ನೆಲದಿಂದ ಎತ್ತಿ ನೋಡಿ, ಎದೆ ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಎತ್ತರ. ನಾನು ಎತ್ತಿ ನೋಡಿದೆ. ಎದೆ ಒಂದು ಗೇಣಿನಷ್ಟು ಕೆಳಗೆ ಬಿತ್ತು. ಇಷ್ಟು ದಿನ ಕೈಯಲ್ಲಿ ತಳ್ಳಿಕೊಂಡು ಸೊಂಟ ಮುರಿಯುತ್ತಿದ್ದೆ.

ಮೂರನೇ ತರಹದ ಎಚ್ಚರಿಕೆ ವಿಡಿಯೋದಲ್ಲಿ ಇಲ್ಲವೇ ಇಲ್ಲ. "ಕಣ್ಣಿನ ಒತ್ತಡ ಇರುವವರು ಸರ್ವಾಂಗಾಸನ ಬೇಡ" ಎಂದು ಮೇಡಂ ಹೇಳಿದ್ದರು. ಅದನ್ನು ತೆಗೆದಾಯಿತಲ್ಲ, ಅಕ್ಕನಿಗೆ ಇನ್ನು ತೊಂದರೆ ಇಲ್ಲ ಎಂದುಕೊಂಡಿದ್ದೆ. ಆದರೆ ಕಣ್ಣಿಗೆ ಆಸನದ ಹೆಸರು ಗೊತ್ತಿಲ್ಲ. ತಲೆ ಎದೆಗಿಂತ ಕೆಳಗೆ ಹೋದರೆ ಒಂದು ನಿಮಿಷದೊಳಗೇ ಕಣ್ಣಿನ ಒಳಗಿನ ಒತ್ತಡ ಏರುತ್ತದೆ. ಪರ್ವತಾಸನದಲ್ಲೂ, ನಿಂತು ಬಗ್ಗುವ ಪಾದಹಸ್ತಾಸನದಲ್ಲೂ ಏರುತ್ತದೆ. ಎದ್ದ ಮೇಲೆ ಇಳಿಯುತ್ತದೆ ನಿಜ. ನನ್ನ ಹಾಳೆಯ ನಾಲ್ಕು ಸಲದ ಸೂರ್ಯ ನಮಸ್ಕಾರದಲ್ಲಿ ತಲೆ ಕೆಳಗಾಗುವುದು ಎಷ್ಟು ಸಲ ಎಂದು ಎಣಿಸಿದೆ: ಪಾದಹಸ್ತಾಸನ 8, ಪರ್ವತಾಸನ 8. ಒಟ್ಟು 16. ಹಾಳೆ ತೆಗೆದುಕೊಂಡು ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಲ್ಲವನ್ನೂ ನೋಡಿ, ತಲೆ ಕೆಳಗೆ ಹೋಗುವುದನ್ನೆಲ್ಲ ಬಿಡಲು ಹೇಳಿದರು.

ಈಗ ಅಕ್ಕನ ಕಾಲಮ್ಮು ಬೇರೆ. ಸೂರ್ಯ ನಮಸ್ಕಾರದ ಬದಲು ಗೋಡೆಗೆ ಎರಡೂ ಅಂಗೈ ಊರಿ, ಸೊಂಟದಿಂದ ಬಗ್ಗಿ ನಿಲ್ಲುತ್ತಾಳೆ, ಕಿವಿ ತೋಳಿಗಿಂತ ಕೆಳಗೆ ಇಳಿಯುವ ಹಾಗಿಲ್ಲ. ಶಶಾಂಕಾಸನದಲ್ಲಿ ಹಣೆ ನೆಲಕ್ಕಲ್ಲ, ಕುರ್ಚಿಯ ಮೇಲೆ ಮಡಚಿದ ಕೈಗೆ. ಸೇತುಬಂಧದ ಹೊತ್ತಿಗೆ ಸೊಂಟ ಎತ್ತದೆ ಮಂಡಿ ಮಡಚಿ ಮಲಗಿರುತ್ತಾಳೆ. ಮೊದಲ ದಿನ "ನನಗೆ ಮಾತ್ರ ಅಜ್ಜಿ ಯೋಗ" ಅಂದಳು.

ನನ್ನ ಕಾಲಮ್ಮಿಗೆ ಸೇರಿದ್ದು ಒಂದೇ ಸಾಲು. ಪಾದಹಸ್ತಾಸನದಿಂದ ಏಳುವಾಗ ಅರ್ಧದಲ್ಲಿ ತೊಡೆಗೆ ಕೈ ಊರಿ ಒಂದು ಉಸಿರು ನಿಲ್ಲು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಗಕ್ಕನೆ ಎದ್ದರೆ ಕಣ್ಣು ಕತ್ತಲೆ ಬರಬಹುದು, ನನಗೆ ಎರಡು ಸಲ ಬಂದಿತ್ತು.

ಕಾಗದದ ಮೇಲೆ 24, ಮ್ಯಾಟಿನ ಮೇಲೆ 33

ಎಲ್ಲ ಕೂಡಿಸಿದಾಗ 24 ನಿಮಿಷ ಬಂದಿತ್ತು. ಮಾಡಿದಾಗ 33 ಆಯಿತು. ಏಳುವುದು, ಕೂರುವುದು, ಬೋರಲು ಮಲಗುವುದು, ಬದಿ ಬದಲಿಸುವುದು ಯಾವುದನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದೊಂದಕ್ಕೂ 10ರಿಂದ 15 ಸೆಕೆಂಡು. ಅದೂ ಅಲ್ಲದೆ ವೃಕ್ಷಾಸನ ಮರೆತು ಕೂತವನು ಮತ್ತೆ ಎದ್ದು ನಿಲ್ಲುತ್ತಿದ್ದೆ. ನಿಂತದ್ದೆಲ್ಲ ಮೊದಲು, ಆಮೇಲೆ ಬೋರಲು, ಆಮೇಲೆ ಕೂತದ್ದು, ಕೊನೆಗೆ ಅಂಗಾತ ಎಂದು ಜೋಡಿಸಿದ ಮೇಲೆ ಒಂದೇ ಸಲ ಕೆಳಗಿಳಿಯುತ್ತೇನೆ. ವೀರಭದ್ರಾಸನ ಬಿಟ್ಟೆ. 28ಕ್ಕೆ ನಿಂತಿತು, ಅದರಲ್ಲಿ ಶವಾಸನ 5 ನಿಮಿಷ. ಆ 5 ನಿಮಿಷಕ್ಕೆ ಮಾತ್ರ ಫೋನಿನ ಗಂಟೆ ಇಟ್ಟಿದ್ದೇನೆ, ಅಲ್ಲಿ ಉಸಿರು ಎಣಿಸುತ್ತಾ ಕೂತರೆ ಶವಾಸನ ಎಂಬ ಹೆಸರಿಗೇ ಅವಮಾನ.

ಹಾಳೆಯನ್ನು ಗೋಡೆಯ ಮೇಲೆ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದೆ. ಬೋರಲು ಮಲಗಿದಾಗ ಅದು ಕಾಣುವುದಿಲ್ಲ, ನೋಡಲು ಕತ್ತೆತ್ತಿದರೆ ಮತ್ತೆ ಅದೇ ಕುತ್ತಿಗೆ ಕಥೆ. ಈಗ ಎರಡು ತುಂಡು ಮಾಡಿದ್ದೇನೆ. ನಿಂತು ಮಾಡುವವು ಮೇಲೆ, ಉಳಿದವು ನೆಲದಿಂದ ಒಂದು ಗೇಣು ಎತ್ತರದಲ್ಲಿ, ದಪ್ಪ ಅಕ್ಷರದಲ್ಲಿ. ಮೂರು ವಾರವಾಯಿತು. ಕೆಳಗಿನ ತುಂಡಿನ ಒಂದು ಮೂಲೆ ಪೊರಕೆ ತಾಗಿ ಹರಿದಿದೆ, ಶಲಭಾಸನದ ಎಣಿಕೆ ಅಲ್ಲೇ ಇತ್ತು. 3 ಉಸಿರು, ಎರಡು ಸಲ. ಹೊಸದಾಗಿ ಬರೆಯುವಾಗ ಅಕ್ಕನ ವೃಕ್ಷಾಸನವನ್ನು 3ರಿಂದ 4ಕ್ಕೆ ತಿದ್ದಬೇಕು.